ಒಂದು ಸಾಲಿಗೆ ಎರಡು ಬೊಟ್ಟು

ತಾಯಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ಪ್ರಮೀಳಾ ಬಿಂಡಿಗನವಿಲೆಯ ತವರಿಗೆ ಹೋಗಿದ್ದಳು. ಹೋಗುವಾಗ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರದ ತನ್ನ ಫ್ಯಾನ್ಸಿ ಸ್ಟೋರಿನ ಬೀಗದ ಕೈಯನ್ನು ಗಂಡನಿಗೆ ಕೊಟ್ಟು, "ಏನೂ ಮಾಡಕ್ಕೋಗಬ್ಯಾಡಿ. ಕೇಳಿದ್ದ ಕೊಡಿ, ಅಷ್ಟೇಯ" ಎಂದು ಹೇಳಿಯೇ ಹೋಗಿದ್ದಳು. ಆದರೆ ಲೋಕೇಶ್ ಸುಮ್ಮನಿರು ಎಂದರೆ ಸುಮ್ಮನಿರುವ ಪೈಕಿಯವನಲ್ಲ. ಬೆಳಿಗ್ಗೆ ಸಂಜೆ ಹೊಸಹೊಳಲಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸ ಅವನದು. ನಡುವಿನ ಬಿಡುವಿನಲ್ಲಿ ಅವನ ತಲೆ ಬಲು ಚುರುಕಾಗಿ ಓಡುತ್ತಿತ್ತು, ಎತ್ತ ಕಡೆಗೆ ಅನ್ನುವುದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರಮೀಳಾ ವಾಪಸು ಬಂದು ಅಂಗಡಿಯ ಮೆಟ್ಟಿಲು ಹತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಗಾಲಿ ಇರುವ ಹೊಚ್ಚ ಹೊಸ ಸೂಟ್‌ಕೇಸು. ಗಲ್ಲಾದ ಪಕ್ಕದಲ್ಲಿ ಮದುಮಗನಂತೆ ನಿಂತಿತ್ತು.

"ಫ್ರೀ ಕಣೆ!" ಎಂದ ಲೋಕೇಶ್. ಮುಖವೆಲ್ಲ ಹಲ್ಲು. "ಸೇಲ್ಸ್‌ಮನ್ ಮೋಹನ್ ಕುಮಾರ ಕೊಟ್ಟ. ಕಂಪನಿ ಸ್ಕೀಮು."

ಫ್ರೀ ಎಂಬ ಮಾತು ಕೇಳಿದರೆ ಪ್ರಮೀಳಾ ಮೊದಲು ಬಿಲ್ಲು ಕೇಳುವವಳು. "ಏನ್ ತಗಂಡಿದ್ದಕ್ಕೆ ಫ್ರೀ?"

ಲೋಕೇಶ್ ಅಟ್ಟದ ಕಡೆಗೆ ಬೆರಳು ತೋರಿದ. ಅಲ್ಲಿ ಮೂರು ಪೆಟ್ಟಿಗೆ. ಒಂದನ್ನು ಬಿಚ್ಚಿ ನೋಡಿದರೆ ಲಿಪ್‌ಸ್ಟಿಕ್ಕು, ಬರೀ ಲಿಪ್‌ಸ್ಟಿಕ್ಕು, ಅದೂ ಎಲ್ಲಾ ಒಂದೇ ಬಣ್ಣ. ಪ್ರಮೀಳಾ ಒಂದರ ಮುಚ್ಚಳ ತೆಗೆದು ತಿರುಗಿಸಿದಳು. ಕಡುನೇರಳೆಯ ತುದಿ ಮೇಲೆದ್ದು ಬಂತು. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದ ಅತ್ತೆ ಪುಟ್ಟಗೌರಮ್ಮ ಕತ್ತು ಚಾಚಿ ನೋಡಿದರು.

"ಬದನೆಕಾಯ್ ಕಣವ್ವಾ! ಲೇ ಲೋಕೇಶ, ಇದ ಬಳ್ಕಂಡು ಯಾವಳ್ಲಾ ಮದ್ವೆಗೋಗ್ತಾಳೆ? ನೋಡ್ದೋರು ಆವು ಕಡೀತೇನೋ ಅಂತ ಆಸ್ಪತ್ರೆಗೆ ಒತ್ಕಂಡೋಗ್ತಾರೆ."

"ಬೆಂಗ್ಳೂರಲ್ಲಿ ಇದೇ ಓಡ್ತಾ ಇರೋದಂತೆ ಕಣವ್ವ."

"ಅಂಗಾರೆ ಬೆಂಗ್ಳೂರಿಗೇ ಓಡ್ಲಿ ಬುಡು."

ಪ್ರಮೀಳಾ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ತಾರೀಖು ಓದಿದಳು. ಅವಧಿ ಮುಗಿಯಲು ವರ್ಷವೂ ಉಳಿದಿರಲಿಲ್ಲ. ಇಷ್ಟು ದೊಡ್ಡ ಸೂಟ್‌ಕೇಸು ಯಾಕೆ ಪುಕ್ಕಟೆ ಬಂತೆಂಬುದು ಆಗ ತಿಳಿಯಿತು. ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ದಿನಾ ಕೇಳುವ ಕಾಡಿಗೆ ಖಾಲಿ, ಸೇಫ್ಟಿ ಪಿನ್ನು ಖಾಲಿ, ತಲೆಗೆ ಹಚ್ಚುವ ಕಪ್ಪು ಬಣ್ಣದ ಸಣ್ಣ ಪ್ಯಾಕೆಟ್ಟೂ ಖಾಲಿ. ಕಾಡಿಗೆಗೆಂದು ಬಂದ ಹೆಂಗಸು ಎದುರಿನ ಅಂಗಡಿಗೆ ಹೋದರೆ ಬಳೆ, ಕ್ಲಿಪ್ಪು, ಪೌಡರನ್ನೂ ಅಲ್ಲೇ ತಗೊಂಡು ಹೋಗುತ್ತಾಳೆ. ಖಾಲಿಯಾದದ್ದು ಕಾಡಿಗೆ ಮಾತ್ರ, ನಷ್ಟ ಇಡೀ ಚೀಲದ್ದು.

ಗಂಡನ ಜೊತೆ ಜಗಳಕ್ಕೆ ನಿಂತರೆ ಲಿಪ್‌ಸ್ಟಿಕ್ಕೇನೂ ಕರಗುವುದಿಲ್ಲವೆಂದು ಪ್ರಮೀಳಾ ಖಾಲಿಯಾದದ್ದನ್ನೆಲ್ಲ ಮೊದಲು ತರಿಸಿಕೊಂಡು, ಸೆರಗು ಸಿಕ್ಕಿಸಿ ಅಂಗಡಿಯನ್ನೇ ಬುಡಮೇಲು ಮಾಡಿದಳು. ಎದೆಯಿಂದ ಕಣ್ಣಿನ ಮಟ್ಟದವರೆಗಿನ ಸಾಲು ಅಂಗಡಿಗೆ ಚಿನ್ನದ ಜಾಗ, ಕೈ ತಾನಾಗಿ ಹೋಗುವುದು ಅಲ್ಲಿಗೇ. ಲೋಕೇಶ್ ಅಲ್ಲಿ ಚೆಂದಕ್ಕೆಂದು ಧೂಳು ಹಿಡಿದ ಗೊಂಬೆಗಳನ್ನು ಕೂರಿಸಿದ್ದ. ಅವು ಇಳಿದು ಕಾಡಿಗೆ, ಕ್ರೀಮು, ಫೇಸ್ ವಾಶು ಹತ್ತಿದವು. ಭಾರದ ಶಾಂಪೂ ಬಾಟಲಿ, ಎಣ್ಣೆ ಕೆಳಗೆ. ಮಕ್ಕಳ ಕ್ಲಿಪ್ಪು, ರಬ್ಬರ್ ಬ್ಯಾಂಡು ಮಕ್ಕಳ ಕೈಗೇ ಎಟಕುವ ಎತ್ತರಕ್ಕೆ. ಚಿಲ್ಲರೆ ಎಣಿಸುವಾಗ ಕಣ್ಣಿಗೆ ಬೀಳಲೆಂದು ಪಿನ್ನು, ಸ್ಟಿಕ್ಕರ್ ಬೊಟ್ಟಿನ ಹಾಳೆ ಗಲ್ಲಾದ ಪಕ್ಕ.

ತಲೆಗೆ ಹಚ್ಚುವ ಬಣ್ಣವನ್ನೂ ಚಿನ್ನದ ಜಾಗದಲ್ಲಿ ಇಡಹೊರಟಾಗ ಪುಟ್ಟಗೌರಮ್ಮ ತಡೆದರು. "ಅಲ್ಲಿ ಬ್ಯಾಡ ಕಣವ್ವ. ಅದ ತಗಳೋರು ಗಂಡಸ್ರು. ಇಷ್ಟು ಎಣ್ಮಕ್ಕಳ ಮಧ್ಯೆ ನಿಂತ್ಕಂಡು ನನ್ ಕೂದಲು ಬೆಳ್ಳಗಾಯ್ತು ಅಂತ ಕೂಗ್ತಾರಾ? ಬಾಗಿಲ ಮೂಲೇಲಿ ಮಡಗು. ಬೀಡಿ ಈಸ್ಕಂಡಂಗೆ ಈಸ್ಕಂಡೋಗ್ಲಿ."

ಬಾಗಿಲ ಮೂಲೆಗೇ ಇಟ್ಟಳು. ಆ ವಾರವೇ ಊರಿನ ಅರ್ಧ ಮೀಸೆ ಕಪ್ಪಾಯಿತು.

ಮುಂದಿನ ಪ್ರಶ್ನೆ ಯಾವ ಮಾಲನ್ನು ಯಾವಾಗ ತರಿಸಬೇಕೆಂಬುದು. ಮೈಸೂರಿನ ವಿತರಕರ ಕಡೆಯ ಸೇಲ್ಸ್‌ಮನ್ ಮೋಹನ್ ಕುಮಾರ್ ಗುರುವಾರ ಬಂದು ಆರ್ಡರು ತೆಗೆದುಕೊಂಡರೆ ಮಾಲು ಬರುವುದು ಶನಿವಾರ. ಒಂದು ಗುರುವಾರ ಕೈತಪ್ಪಿದರೆ ಮುಂದಿನ ವಾರದ ಶನಿವಾರದವರೆಗೂ ಇದ್ದುದರಲ್ಲೇ ನೂಕಬೇಕು. ಅಷ್ಟು ದಿನಕ್ಕೆ ಯಾವುದು ಎಷ್ಟು ಹೋಗುತ್ತದೆಂದು ಪ್ರಮೀಳಾ ಲೆಕ್ಕ ಹಾಕಿದಳು. ಅದರ ಮೇಲೆ ಮದುವೆ ಕಾಲದ ನೂಕುನುಗ್ಗಲಿಗೆಂದು ಒಂದಿಷ್ಟು ಸೇರಿಸಿದಳು. ಸಾಲಿನಲ್ಲಿ ಹಿಂದಿನಿಂದ ಅಷ್ಟನ್ನು ಎಣಿಸಿ, ಅಲ್ಲಿ ಸಿಕ್ಕ ಡಬ್ಬಿಯ ನೆತ್ತಿಗೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದಳು.

"ಅತ್ತೆ, ಮುಂದಿನಿಂದ ಮಾರ್ಕಂಡು ಬನ್ನಿ. ಬೊಟ್ಟಿಟ್ಕಂಡಿರೋದು ಮುಂದಕ್ಕೆ ಬಂತು ಅಂದ್ರೆ ಆರ್ಡರ್ ಕೊಡ್ಬೇಕು. ಹೊಸಾ ಮಾಲು ಬಂದಾಗ ಅದು ಹಿಂದಕ್ಕೆ, ಹಳೇದು ಮುಂದಕ್ಕೆ. ಇಲ್ಲದಿದ್ರೆ ಹಿಂದೆ ಕೂತಿದ್ದು ಅಲ್ಲೇ ಅವಧಿ ಮುಗೀತದೆ. ಆಮ್ಯಾಕೆ ನಾನೇ ಎಣಿಸಿ ಬೊಟ್ಟು ಬದಲಾಯಿಸ್ತೀನಿ."

"ಇಷ್ಟೇಯಾ?" ಎಂದರು ಪುಟ್ಟಗೌರಮ್ಮ. "ಮುತ್ತೈದೆ ಬಾಗಿಲಿಗೆ ಬಂದ್ಳು, ಮನೇಲಿ ಅಕ್ಕಿ ಮುಗೀತು ಅಂತ."

ಒಂದು ತಿಂಗಳು ಅಂಗಡಿ ಹೂ ಎತ್ತಿದಂತೆ ನಡೆಯಿತು. ಕಾಡಿಗೆ ಇಲ್ಲವೆಂದು ಯಾರೂ ವಾಪಸು ಹೋಗಲಿಲ್ಲ. ಅಟ್ಟದ ಮೇಲೆ ಬದನೆಕಾಯಿ ಮಾತ್ರ ಹಾಗೇ ಕೂತಿತ್ತು. ಪ್ರಮೀಳಾ ಅದನ್ನು ಎದುರು ಸಾಲಿನ ಬ್ಯೂಟಿ ಪಾರ್ಲರಿನ ಹರ್ಷಿತಳಿಗೆ ತೋರಿಸಿದಳು. ಹರ್ಷಿತ ತನ್ನ ಕೈಯ ಹಿಂಬದಿಗೆ ಒಂದು ಗೀಟು ಎಳೆದು ಮೂಗು ಮುರಿದಳು. ಆಮೇಲೆ ಏನು ತೋಚಿತೋ, ಅದರ ಮೇಲೆ ಕುಂಕುಮ ಕೆಂಪಿನ ಲಿಪ್‌ಸ್ಟಿಕ್ಕನ್ನು ಸವರಿ ಬೆರಳಲ್ಲಿ ತಿಕ್ಕಿದಳು. ಎರಡೂ ಕೂಡಿ ಒಳ್ಳೆ ಮರೂನು ಬಣ್ಣ ಬಂತು, ಥೇಟ್ ಧಾರೆ ಸೀರೆಯ ಅಂಚು. "ಮದ್ವೆಣ್ಣುಗಳಿಗೆ ನಾನು ಇಂಗೇ ಬೆರೆಸಿ ಅಚ್ಚೋದು ಅಕ್ಕಾ. ಒಂಟಿಯಾಗಿ ಯಾರೂ ತಗಳಲ್ಲ, ಜೋಡಿಯಾಗಿ ಮಾರು" ಎಂದಳು.

ಆ ಕುಂಕುಮ ಕೆಂಪೂ ತೀರಾ ಕಣ್ಣು ಕುಕ್ಕುತ್ತದೆಂದು ಪ್ರಮೀಳಾಳ ಅಂಗಡಿಯಲ್ಲಿ ಹೋಗದೆ ಉಳಿದಿತ್ತು. ಎರಡನ್ನೂ ಜೋಡಿ ಕಟ್ಟಿ, ಮುದ್ರಿತ ಬೆಲೆಗಿಂತ ಇಳಿಸಿ, ಗಲ್ಲಾದ ಮುಂದೆ ಬುಟ್ಟಿಯಲ್ಲಿಟ್ಟಳು. ಒಂದೂ ಹೋಗಲಿಲ್ಲ. ಬಣ್ಣ ಬೆರೆತರೆ ಏನಾಗುತ್ತದೆಂದು ಕೈ ಮೇಲೆ ಹಚ್ಚಿ ತೋರಿಸಬೇಕು. ತೆಗೆದು, ಕಟ್ಟಿ, ಚಿಲ್ಲರೆ ಕೊಡುವ ಒಬ್ಬಳೇ ಹೆಂಗಸಿಗೆ ಅಷ್ಟು ಪುರುಸೊತ್ತೆಲ್ಲಿ?

ಅಷ್ಟರಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಅಂಗಡಿ ಉಬ್ಬತೊಡಗಿತು. ಶನಿವಾರ ಬರುವ ಪೆಟ್ಟಿಗೆಗಳಿಗೆ ಜಾಗವಿಲ್ಲ. ಪೌಡರು ಡಬ್ಬಿ ಒಂದರ ಮೇಲೊಂದು ಗೋಪುರವಾಗಿ ನಿಂತವು. ಒಂದು ದಿನ ಫ್ಯಾನಿನ ಸ್ವಿಚ್ಚು ಹಾಕಲು ಕೈ ಚಾಚಿದ ಲೋಕೇಶನ ತಲೆ ಮೇಲೆ, ಕೆಳಗೆ ಜಾಗವಿಲ್ಲದೆ ಮೇಲಕ್ಕೆ ಪೇರಿಸಿದ್ದ ಶಾಂಪೂ ಬಾಟಲಿಗಳೇ ಬಿದ್ದವು. ಗುರುವಾರಗಳಂದು ಪ್ರಮೀಳಾ ಊಟಕ್ಕೆ ಮನೆಗೆ ಹೋದಾಗ ಅಂಗಡಿಯಲ್ಲಿ ಇರುತ್ತಿದ್ದುದು ಅತ್ತೆ. ಮೋಹನ್ ಕುಮಾರ್ ಬರುತ್ತಿದ್ದುದೂ ಈಚೆಗೆ ಸರಿಯಾಗಿ ಅದೇ ಹೊತ್ತಿಗೆ. "ಅಜ್ಜಿ, ಬೊಟ್ಟು ಮುಂದಕ್ಕೆ ಬಂದದಲ್ಲ, ಆಕ್ಲಾ?" ಎಂದು ಅವನು ಕೇಳುವುದು, ಪುಟ್ಟಗೌರಮ್ಮ ಸಾಲು ನೋಡಿ, ಬೊಟ್ಟು ಕಂಡು, "ಆಕಪ್ಪ" ಎನ್ನುವುದು, ಅವನು ಮೊಬೈಲು ಒತ್ತುವುದು. ಹೀಗೆ ನಡೆದಿತ್ತು.

ಪ್ರಮೀಳಾ ತಡೆಯಲಾರದೆ ಕೇಳಿಬಿಟ್ಟಳು. "ಅತ್ತೆ, ಧೂಳು ಒರೆಸುವಾಗ ನೀವೇನಾರ ಬೊಟ್ಟು ಕಿತ್ತು ಬ್ಯಾರೆ ಕಡೆ ಅಂಟಿಸಿದ್ರಾ?"

ಪುಟ್ಟಗೌರಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. "ನಾನಾ? ನಲ್ವತ್ತು ವರ್ಸ ರಾಗಿ ಕಣದಲ್ಲಿ ಅಳೆದೋಳು ನಾನು. ಒಂದು ಬಳ್ಳದಲ್ಲಿ ಎಚ್ಚುಕಮ್ಮಿ ಆಗಿಲ್ಲ. ನನ್ ಮ್ಯಾಲೆ ಅನುಮಾನನಾ?"

"ಅಂಗಲ್ಲ ಅತ್ತೆ..."

"ಎಂಗೂ ಬ್ಯಾಡ. ಸ್ಟೂಲ್ ತತ್ತಾ ಇಲ್ಲಿ."

ಸ್ಟೂಲು ಎಳೆದುಕೊಂಡು ಕೂತ ಮುದುಕಿ ಪೌಡರಿನ ಒಂದು ಇಡೀ ಸಾಲನ್ನು ಮಡಿಲಿಗೆ ಇಳಿಸಿದರು. ಮುಂದಿನ ಡಬ್ಬಿಯ ನೆತ್ತಿಯಲ್ಲಿ ಬೊಟ್ಟು ಹೊಳೆಯುತ್ತಿತ್ತು. ಅದನ್ನು ಬದಿಗಿಟ್ಟರು. ಎರಡನೆಯದು, ಮೂರನೆಯದು ತೆಗೆದರು. ಸಾಲಿನ ಅರ್ಧಕ್ಕೆ ಬಂದಾಗ ಕೈ ನಿಂತಿತು.

"ಪರ್ಮೀಳಾ, ಬಾವ್ವಾ ಇಲ್ಲಿ. ಒಂದೇ ಸಾಲಿಗೆ ಎರಡು ಬೊಟ್ಟಾ?"

ಪ್ರಮೀಳಾ ಬಗ್ಗಿ ನೋಡಿದಳು. ತಾನು ಎಣಿಸಿ ಅಂಟಿಸಿದ್ದ ಬೊಟ್ಟು ತನ್ನ ಜಾಗದಲ್ಲೇ ಇದೆ. ಮುಂದಿನದನ್ನು ಯಾರೋ ಹೊಸದಾಗಿ ಇಟ್ಟಿದ್ದಾರೆ. ಶಾಂಪೂವಿನಲ್ಲೂ ಹಾಗೇ, ಕ್ರೀಮಿನಲ್ಲೂ ಹಾಗೇ. ಗಲ್ಲಾದ ಬಳಿ ನೇತುಹಾಕಿದ್ದ ಹಾಳೆಯಲ್ಲಿ ಒಂದಿಷ್ಟು ಬೊಟ್ಟು ಕಮ್ಮಿಯಾಗಿದ್ದವು.

"ಯಾರ್ ಇಟ್ಟೋರು?" ಎಂದಳು ಪ್ರಮೀಳಾ, ಗೊತ್ತಿದ್ದೂ.

"ಗುರುವಾರ ಬರ್ಲಿ" ಎಂದರು ಪುಟ್ಟಗೌರಮ್ಮ. ಅವರ ಕಣ್ಣಲ್ಲಿ ಒಂದು ತುಂಟ ಬೆಳಕು ಹೊತ್ತಿತ್ತು. ಸೊಸೆಯ ಮೇಲಿನ ಸಿಟ್ಟು ಆಗಲೇ ಆರಿಹೋಗಿತ್ತು, ಮಜಾ ಸಿಗುವ ಕಡೆ ಸಿಟ್ಟನ್ನು ಕಟ್ಟಿಕೊಂಡು ಕೂರುವ ಅಭ್ಯಾಸ ಅವರಿಗಿರಲಿಲ್ಲ.

ಗುರುವಾರ ಪ್ರಮೀಳಾ ಊಟಕ್ಕೆ ಹೋಗುವವಳಂತೆ ಹೊರಟು ಹರ್ಷಿತಳ ಪಾರ್ಲರಿನ ಪರದೆಯ ಹಿಂದೆ ನಿಂತಳು. ಪುಟ್ಟಗೌರಮ್ಮ ಸ್ಟೂಲಿನಲ್ಲಿ ಗೋಡೆಗೊರಗಿ, ಬಾಯಿ ಅರೆ ತೆರೆದು, ಸಣ್ಣಗೆ ಗೊರಕೆ ಹೊಡೆಯತೊಡಗಿದರು. ಆ ಗೊರಕೆಗೆ ಅವರು ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ್ದರು.

ಮೋಹನ್ ಕುಮಾರ್ ಬಂದ. ಎಣ್ಣೆ ಹಾಕಿ ಬಾಚಿದ ತಲೆ, ಹೆಗಲಿಗೆ ಚೀಲ, ಹೊಳೆಯುವ ಬೂಟು. ಪಾಂಡವಪುರದವನು. ಮಾತಿನಲ್ಲಿ ಕಲ್ಲನ್ನೂ ಕರಗಿಸುವವನು. ಅವತ್ತು ತಿಂಗಳ ಕೊನೆ, ಟಾರ್ಗೆಟ್ಟು ಅವನ ಬೆನ್ನು ಹತ್ತಿತ್ತು. "ಅಜ್ಜೀ" ಎಂದು ಮೆಲ್ಲಗೆ ಕರೆದ. ಗೊರಕೆ. ಅತ್ತಿತ್ತ ನೋಡಿದ. ಗಲ್ಲಾದ ಬಳಿಯ ಹಾಳೆಯಿಂದ ಒಂದು ಬೊಟ್ಟು ಕಿತ್ತು ಎಣ್ಣೆ ಬಾಟಲಿಯ ನೆತ್ತಿಗೆ ಒತ್ತಿದ. ಇನ್ನೊಂದು ಕಿತ್ತು ಫೇಸ್ ವಾಶಿಗೆ. ಮೂರನೆಯದನ್ನು ಬೆರಳ ತುದಿಯಲ್ಲಿ ಹಿಡಿದು ಯಾವುದಕ್ಕೆ ಅಂಟಿಸಲಿ ಎಂದು ಯೋಚಿಸುತ್ತ ನಿಂತಾಗ ಗೊರಕೆ ನಿಂತಿತು.

"ಅದ ಇಂಗ್ ತತ್ತಾ ಮಗ."

ಮೋಹನ್ ಕುಮಾರ್ ಕಂಬವಾದ. ಪುಟ್ಟಗೌರಮ್ಮ ಎದ್ದು ಬಂದು ಅವನ ಬೆರಳಿನಿಂದ ಬೊಟ್ಟನ್ನು ಬಿಡಿಸಿಕೊಂಡು, ಕಾಲು ಬೆರಳ ಮೇಲೆ ನಿಂತು, ಅವನ ಹಣೆಯ ನಟ್ಟನಡುವೆ ಒತ್ತಿ ಅಂಟಿಸಿದರು.

"ನೀನೂ ಮುಂದಕ್ಕೆ ಬಂದ್ಬುಟ್ಟೆ. ಆರ್ಡರ್ ಆಕ್ಲಾ?"

ಪ್ರಮೀಳಾ ಬಾಗಿಲಿಗೆ ಬಂದಳು. ಹಿಂದೆಯೇ ಹರ್ಷಿತ, ನಗು ತಡೆಯಲಾರದೆ ಬಾಯಿಗೆ ಟವೆಲು ಒತ್ತಿಕೊಂಡು.

"ಅಕ್ಕಾ, ತಪ್ಪಾಯ್ತು" ಎಂದ ಮೋಹನ್ ಕುಮಾರ್. ಹಣೆಯ ಬೊಟ್ಟು ತೆಗೆಯುವ ಧೈರ್ಯವೂ ಅವನಿಗಿರಲಿಲ್ಲ. "ಟಾರ್ಗೆಟ್ ಅಕ್ಕಾ. ಮ್ಯಾನೇಜರು ಗಂಟೆಗೊಂದು ಫೋನ್ ಮಾಡ್ತಾವ್ನೆ. ನಿಮ್ ಬೊಟ್ಟಿನ ಲೆಕ್ಕ ಎಷ್ಟು ಚೆಂದಾಗಿತ್ತು ಅಂದ್ರೆ, ನಂಗೂ ಒಂದು ಕೈ ನೋಡನ ಅನ್ನುಸ್ತು."

ಹೊಗಳಿಕೆ ಕೇಳಿ ಪ್ರಮೀಳಾಳಿಗೆ ಒಳಗೊಳಗೇ ಕಚಗುಳಿಯಾಯಿತು. ಅದನ್ನು ಮುಖಕ್ಕೆ ಬರಗೊಡದೆ ಹೇಳಿದಳು. "ನಿಮ್ ಮ್ಯಾನೇಜರಿಗೆ ನಾನೇ ಫೋನ್ ಮಾಡ್ಲಾ, ಇಲ್ಲ ಇಲ್ಲೇ ತೀರಿಸ್ಕಳನಾ?"

"ಇಲ್ಲೇ ಅಕ್ಕಾ! ಇಲ್ಲೇ!"

"ಅಂಗಾರೆ ಬಿಚ್ಚದೆ ಇರೋ ಪೆಟ್ಟಿಗೆ ಎಲ್ಲಾ ವಾಪಸ್ ಒಯ್ಯಿ. ಶ್ರೀರಂಗಪಟ್ಟಣದಲ್ಲೋ ನಿಮ್ಮೂರಲ್ಲೋ ಯಾರಿಗೆ ಕಮ್ಮಿ ಬಿದ್ದದೆ ಅವ್ರಿಗೆ ಕೊಡು. ನಂಗೆ ಮುಂದಿನ ಬಿಲ್ಲಲ್ಲಿ ಕಳೆದು ಬರೀಲಿ."

"ಆಯ್ತಕ್ಕ. ಅದು ಆಗ್ತದೆ."

"ಲಿಪ್‌ಸ್ಟಿಕ್ಕೂ."

ಮೋಹನ್ ಕುಮಾರ್ ಅಳುವ ಹಾಗಾದ. "ಅದೊಂದು ಬ್ಯಾಡಿ ಅಕ್ಕಾ. ಸ್ಕೀಮ್ ಮಾಲು ಕಂಪನಿ ವಾಪಸ್ ತಗಳಲ್ಲ. ನಾಗಮಂಗಲದಲ್ಲಿ ಆ ಬಣ್ಣ ತೋರ್ಸಿದ್ಕೆ ಅಂಗಡಿಯೋರು ಟೀನೂ ಕೊಡ್ದೆ ಕಳುಸ್ಬುಟ್ರು."

ಪ್ರಮೀಳಾ ಅವನನ್ನು ಮೇಲಿಂದ ಕೆಳಗೆ ಅಳೆದಳು. ಬಾಯಿ ಇದ್ದವನು. ಕೈ ಎರಡೂ ನೆಟ್ಟಗಿವೆ. ಚರ್ಮವೂ ಸುಮಾರು ಬೆಳ್ಳಗಿದೆ.

"ಅಂಗಾರೆ ಸಂತೆ ದಿನ ರಜ ಆಕಿ ಬಾ. ತೋಳು ಮಡಿಸೋ ಅಂತ ಅಂಗಿ ಆಕ್ಕಂಡು ಬಾ" ಎಂದಳು.

ಸಂತೆಯ ದಿನ ಮೋಹನ್ ಕುಮಾರ್ ಬಾಗಿಲ ಮುಂದೆ ಅಂಗಿಯ ತೋಳು ಮಡಿಸಿ, ಮುಂಗೈಗೆ ಎರಡೂ ಬಣ್ಣದ ಗೀಟು ಎಳೆದುಕೊಂಡು ನಿಂತ. ಪಕ್ಕದಲ್ಲಿ ಬುಟ್ಟಿ ತುಂಬ ಜೋಡಿಗಳು. ಮೇಲೆ ಪ್ರಮೀಳಾ ದಪ್ಪಕ್ಷರದಲ್ಲಿ ಬರೆದ ಹಲಗೆ: ‘ಅವಧಿ ಹತ್ತಿರವಿದೆ, ಅದಕ್ಕೇ ಅಗ್ಗ. ತಾರೀಖು ನೋಡಿ ತೆಗೆದುಕೊಳ್ಳಿ.’ ಹಾಗೆ ಬರೆದರೆ ಯಾರು ಕೊಳ್ಳುತ್ತಾರೆಂದು ಲೋಕೇಶ್ ಗೊಣಗಿದ್ದ. ಬಚ್ಚಿಟ್ಟು ಮಾರಿದರೆ ನಾಳೆ ಕಾಡಿಗೆಗೂ ಬರುವುದಿಲ್ಲವೆಂದು ಅವಳು ಹೇಳಿದ್ದಳು.

ಮೊದಲ ಅರ್ಧ ಗಂಟೆ ಮೋಹನ್ ಕುಮಾರನಿಗೆ ಜೀವ ಹೋದಂತಾಯಿತು. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡುವುದು, ಸೆರಗಿನಲ್ಲಿ ನಗುವುದು, ಮುಂದೆ ಹೋಗುವುದು. ಆಮೇಲೆ ಸೊಪ್ಪು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬಂದ ಮಾಯಮ್ಮ ಎಂಬ ಗಟ್ಟಿಗಿತ್ತಿ ಎದುರು ನಿಂತು, "ಏನ್ಲಾ ಅದು ಬಳ್ಕಂಡಿರೋದು? ಗಾಯನಾ?" ಎಂದಳು.

ಅಲ್ಲಿಗೆ ಅವನ ಒಳಗಿನ ಮಾರಾಟಗಾರ ಎದ್ದು ಕೂತ.

"ಗಾಯ ಅಲ್ಲ ಕಣವ್ವೋ, ಗಮ್ಮತ್ತು! ನೋಡಿಲ್ಲಿ. ಇದು ಒಬ್ಳೇ ಇದ್ರೆ ಬದನೆಕಾಯಿ. ಇದು ಒಬ್ಳೇ ಇದ್ರೆ ಮೆಣಸಿನಕಾಯಿ. ಇಬ್ರನ್ನೂ ಸೇರ್ಸು..." ಮುಂಗೈ ಮೇಲೆ ಎಳೆದು, ಕಿವಿ ಒರೆಸುವ ಹತ್ತಿಯ ಕಡ್ಡಿಯಲ್ಲಿ ತಿಕ್ಕಿದ. "ಧಾರೆ ಸೀರೆ! ಕಮ್ಮಿ ಬೆರೆಸಿದ್ರೆ ಕೆಂಪು, ಜಾಸ್ತಿ ಬೆರೆಸಿದ್ರೆ ಕಾಫಿ. ಎರಡು ತಗಂಡ್ರೆ ನಾಲ್ಕು ಬಣ್ಣ ಕಣವ್ವ!"

"ನಂಗ್ಯಾಕ್ಲಾ ಈ ವಯಸ್ನಲ್ಲಿ?" ಎಂದಳು ಮಾಯಮ್ಮ. ಆದರೆ ಕಾಲು ಕೀಳಲಿಲ್ಲ. "ಮೊಮ್ಮಗಳ ನಿಶ್ಚಿತಾರ್ಥ ಅದೆ. ಒಂದ್ ಜೊತೆ ಕೊಡು."

ಮಾಯಮ್ಮ ಕೊಂಡಳೆಂದರೆ ಸಂತೆ ಕೊಂಡಂತೆಯೇ. ಮಧ್ಯಾಹ್ನಕ್ಕೆ ಬಾಗಿಲಲ್ಲಿ ಹೆಂಗಸರ ಗುಂಪು. ಬಲಗೈ ತುಂಬಿತು, ಎಡಗೈ ತುಂಬಿತು, ಮೊಣಕೈ ದಾಟಿ ಗೀಟುಗಳು ಮೇಲಕ್ಕೆ ಏರಿದವು. ಜಾಗ ಸಾಲದಾದಾಗ ಪುಟ್ಟಗೌರಮ್ಮ ಸುಮ್ಮನೆ ನಿಂತಿದ್ದ ಮಗನ ತೋಳನ್ನು ಹಿಡಿದು ಎಳೆದು ತಂದರು. "ಸೂಟ್‌ಕೇಸ್ ಬೇಕಾಗಿತ್ತಲ್ಲ ನಿಂಗೆ, ನೀಡು ಕೈಯ!"

ಹೆಂಡತಿಯೇ ಗಂಡನ ಮುಂಗೈಗೆ ಗೀಟೆಳೆದಳು. ಡೈರಿಗೆ ಹಾಲು ಹಾಕುವ ಹೆಂಗಸರೆಲ್ಲ ಅದನ್ನು ನೋಡಿ ನಕ್ಕು, ನಕ್ಕ ತಪ್ಪಿಗೆ ಒಂದೊಂದು ಜೋಡಿ ಕೊಂಡರು. ಒಳಗೆ ಬಂದವರು ಲಿಪ್‌ಸ್ಟಿಕ್ಕಿಗಷ್ಟೇ ನಿಲ್ಲಲಿಲ್ಲ. ಪೌಡರಿನ ಗೋಪುರವೂ ಕರಗಿತು, ಬಿಚ್ಚಿದ ಪೆಟ್ಟಿಗೆಯ ಶಾಂಪೂವೂ ಹೋಯಿತು. ಹೊತ್ತು ಇಳಿಯುವ ವೇಳೆಗೆ ಎರಡು ಪೆಟ್ಟಿಗೆ ಖಾಲಿಯಾಗಿ ಮೂರನೆಯದರ ತಳ ಕಾಣುತ್ತಿತ್ತು. ಉಳಿದ ಒಂದಿಷ್ಟನ್ನು ಹರ್ಷಿತ ತನ್ನ ಮದುವೆ ಆರ್ಡರುಗಳಿಗೆಂದು ಅಸಲು ಬೆಲೆಗೆ ಎತ್ತಿಕೊಂಡಳು.

ಬಸ್ಸಿಗೆ ಹೊರಟ ಮೋಹನ್ ಕುಮಾರ್ ಕೈ ತೊಳೆಯಲು ಹೋದ. ನೀರು ಹಾಕಿದ, ಸೋಪು ಹಾಕಿದ. ಬಣ್ಣ ಇನ್ನಷ್ಟು ಹರಡಿ ಮೊಣಕೈವರೆಗೂ ಮರೂನಾಯಿತು.

"ಕೊಬ್ಬರಿ ಎಣ್ಣೆಗೆ ಮಾತ್ರವೇ ಓಗೋದು ಅದು" ಎಂದರು ಪುಟ್ಟಗೌರಮ್ಮ, ಬಾಟಲಿಯೊಂದನ್ನು ಗಲ್ಲಾದ ಮೇಲಿಡುತ್ತ.

ಅವನು ಕೃತಜ್ಞತೆಯಿಂದ ಕೈ ಚಾಚಿದ. ಮುದುಕಿ ಬಾಟಲಿಯನ್ನು ಹಿಂದಕ್ಕೆಳೆದುಕೊಂಡರು.

"ಮೊದ್ಲು ಕಾಸು. ಇದ್ರಲ್ಲಿ ಸ್ಕೀಮಿಲ್ಲ ಕಣಪ್ಪ."

ಮೋಹನ್ ಕುಮಾರ್ ಚೌಕಾಸಿಗೆ ಬಾಯಿ ತೆರೆದ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಕಾಸು ಎಸೆದು, ಬಾಟಲಿ ಕಸಿದುಕೊಂಡು ಓಡಿದ. ಎಣ್ಣೆ ತಿಕ್ಕಲು ಬಸ್ಸಿನಲ್ಲಿ ಜಾಗವಾದರೂ ಎಲ್ಲಿ? ನಿಲ್ಲಲು ಸಿಕ್ಕಿದ್ದೇ ಪುಣ್ಯ. ಆ ಕೈಯಲ್ಲೇ ಮೇಲಿನ ಕಂಬಿ ಹಿಡಿದು ಪಾಂಡವಪುರದವರೆಗೂ ಹೋದ. ಬಸ್ಸಿನ ತುಂಬ ಸಂತೆ ಮುಗಿಸಿದವರು.

ರಾತ್ರಿ ಊಟಕ್ಕೆ ಕೂತಾಗ ಪ್ರಮೀಳಾಳ ಫೋನು ಹೊಡೆದುಕೊಂಡಿತು. ಮೋಹನ್ ಕುಮಾರನ ಹೆಂಡತಿ ರಂಜಿತ. ದನಿ ಬಿಗಿಯಾಗಿತ್ತು.

"ಅಕ್ಕಾ, ನೀವು ಯಾರೋ ನಂಗೊತ್ತಿಲ್ಲ. ನಮ್ಮೆಜಮಾನ್ರು ಎರಡೂ ಕೈ ತುಂಬ ಲಿಪ್‌ಸ್ಟಿಕ್ ಮಾಡ್ಕಂಡು ಬಂದವ್ರೆ. ಕೇಳಿದ್ರೆ ಕೆ.ಆರ್. ಪೇಟೇಲಿ ಅಜ್ಜಿ ಅಚ್ಚಿದ್ದು ಅಂತಾರೆ. ಇದ ನಂಬ್ಲಾ?"

ಪ್ರಮೀಳಾಳಿಗೆ ನಗು ಉಕ್ಕಿ ಬಂತು. ಫೋನನ್ನು ಅತ್ತೆಯ ಕೈಗೆ ದಾಟಿಸಿದಳು. ಪುಟ್ಟಗೌರಮ್ಮ ಮುದ್ದೆಯ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಶುರುವಿನಿಂದ ಹೇಳತೊಡಗಿದರು. ಗೊರಕೆಯ ಭಾಗಕ್ಕೆ ಬಂದಾಗ ಗೊರಕೆಯನ್ನೂ ಹೊಡೆದು ತೋರಿಸಿದರು. ಆ ಕಡೆಯಿಂದ ಮೊದಲು ಒಂದು ಸಣ್ಣ ನಗು, ಆಮೇಲೆ ಲೋಕೇಶನಿಗೂ ಕೇಳುವಷ್ಟು ದೊಡ್ಡ ನಗು.

"ಅಜ್ಜೀ" ಎಂದಳು ರಂಜಿತ ಕೊನೆಗೆ, ಉಸಿರು ಹಿಡಿದುಕೊಂಡು, "ಇನ್ನೊಂದು ವಾರ ಇಟ್ಕಂಡಿರಿ ಇವ್ರನ್ನ. ಮನೆ ಕೆಲ್ಸಾನೂ ಕಲ್ತ್ಕಂಡು ಬರ್ಲಿ."